ಮೂರು ಹನ್ನೆರಡು ಸಾವಿರ, ಐದು ಗೊತ್ತಿಲ್ಲ

ಮೇ ತಿಂಗಳು ಬಂತೆಂದರೆ ನನ್ನ ಫೋನಿಗೆ ಬರುವ ಮೆಸೇಜುಗಳಲ್ಲಿ ಹೆಚ್ಚಿನವು ಒಂದೇ ಥರದವು. "ಒಂದು ರೆಂಟ್ ಅಗ್ರಿಮೆಂಟ್ ಮಾಡ್ಲಿಕ್ಕುಂಟು, ಬೇಗ ಆಗ್ತದಾ?" ಅಷ್ಟೇ. ಯಾರ ಮನೆ, ಯಾರು ಬರುವವರು, ಬಾಡಿಗೆ ಎಷ್ಟು, ಎಂದಿನಿಂದ, ಒಂದೂ ಇರುವುದಿಲ್ಲ. ಮಳೆ ಹಿಡಿಯುವ ಮುಂಚೆ ಮನೆ ಬದಲಾಯಿಸಬೇಕು, ಜೂನಿಗೆ ಮಕ್ಕಳ ಶಾಲೆ ಶುರು, ಹಾಗಾಗಿ ಎಲ್ಲರಿಗೂ ಅವಸರ. ಮಂಗಳೂರಿನ ಕೊಡಿಯಾಲಬೈಲಿನ ಕೋರ್ಟಿನ ಆಸುಪಾಸಿನಲ್ಲಿ ಜಾಬ್ ಟೈಪಿಂಗ್ ಮಾಡುವ ನಮ್ಮಂಥವರಿಗೆಲ್ಲ ಇದು ಗೊತ್ತಿರುವ ಸಂಗತಿ. ಇಂಥ ಮೆಸೇಜಿಗೆ ಏನೆಂದು ಉತ್ತರ ಕೊಡಬೇಕು ಎನ್ನುವುದರಲ್ಲಿ ಮಾತ್ರ ನಮ್ಮಲ್ಲೇ ಒಮ್ಮತ ಇಲ್ಲ.

ಹೆಚ್ಚಿನವರು ಪ್ರಶ್ನೆಗಳ ಪಟ್ಟಿ ಕಳಿಸುತ್ತಾರೆ. ಮಾಲಿಕರ ಪೂರ್ಣ ಹೆಸರು, ತಂದೆಯ ಹೆಸರು, ವಯಸ್ಸು, ಡೋರ್ ನಂಬರ್, ಅಡ್ವಾನ್ಸ್, ನೋಟಿಸು ಅವಧಿ, ಹೀಗೆ ಹದಿನೈದು ಇಪ್ಪತ್ತು ಸಾಲು. ಅದನ್ನು ನೋಡಿದವರು ಮೊದಲ ಎರಡು ಸಾಲಿಗೆ ಉತ್ತರ ಬರೆದು, ಮೂರನೆಯದಕ್ಕೆ ಮನೆಯಲ್ಲಿ ಕೇಳಬೇಕೆಂದು ಫೋನ್ ಕೆಳಗಿಡುತ್ತಾರೆ. ಆಮೇಲೆ ಸುದ್ದಿ ಇಲ್ಲ. ಒಂದು ವಾರ ಬಿಟ್ಟು "ಆಯ್ತಾ ಅಗ್ರಿಮೆಂಟ್?" ಎಂದು ಅವರೇ ಕೇಳುತ್ತಾರೆ. ಅವರ ಲೆಕ್ಕದಲ್ಲಿ ಕೆಲಸ ನಮ್ಮ ಹತ್ತಿರ ಇದೆ, ನಮ್ಮ ಲೆಕ್ಕದಲ್ಲಿ ಅವರ ಹತ್ತಿರ. ನಾನು ಪಟ್ಟಿ ಕಳಿಸುವುದನ್ನು ಬಿಟ್ಟು ಬಹಳ ಕಾಲವಾಯಿತು. ಮೆಸೇಜು ಬಂದ ದಿನವೇ ಇಡೀ ಕರಾರು ಪತ್ರವನ್ನು ಬರೆದು ಕಳಿಸುತ್ತೇನೆ. ಗೊತ್ತಿಲ್ಲದ ಕಡೆ ಖಾಲಿ ಬಿಟ್ಟು, ಖಾಲಿ ಬಿಟ್ಟದ್ದು ಕಣ್ಣಿಗೆ ಹೊಡೆಯುವ ಹಾಗೆ ಗುರುತು ಹಾಕಿ.

ಕೇಳಿದರೆ ಇದರಲ್ಲೇನಿದೆ ಅನ್ನಿಸಬಹುದು. ಆದರೆ ಖಾಲಿ ಬಿಡುವುದಕ್ಕೂ ಒಂದು ಕ್ರಮ ಬೇಕು. ಕ್ರಮ ತಪ್ಪಿದರೆ ಪ್ರಶ್ನೆ ಪಟ್ಟಿಗಿಂತ ಕೆಟ್ಟ ಫಲ ಬರುತ್ತದೆ.

ಮಸ್ಕತ್ತಿನಿಂದ ಬಂದ ವಾಯ್ಸ್ ಮೆಸೇಜು

ಮಸ್ಕತ್ತಿನಲ್ಲಿರುವ ಒಬ್ಬರು ಕದ್ರಿ ಕಡೆಯ ತಮ್ಮ ಫ್ಲ್ಯಾಟನ್ನು ಬಾಡಿಗೆಗೆ ಕೊಡುವವರಿದ್ದರು. ಬಂದ ಮೆಸೇಜು ಮೇಲೆ ಹೇಳಿದ ಥರದ್ದೇ, ಜತೆಗೆ "ತಮ್ಮ ಊರಲ್ಲಿದ್ದಾನೆ, ಅವನೇ ಸೈನ್ ಹಾಕುದು" ಎಂಬ ಒಂದು ಮಾತು. ನಾನು ಕೇಳಿದ್ದು ಒಂದೇ ಪ್ರಶ್ನೆ: ಬರುವವರು ವಾಸಕ್ಕೆ ಬರುವವರೋ, ಆಫೀಸಿಗೋ? ಇದನ್ನು ಖಾಲಿ ಬಿಡಲು ಆಗುವುದಿಲ್ಲ, ಏಕೆಂದರೆ ಇದರ ಉತ್ತರದ ಮೇಲೆ ಪತ್ರದ ಅರ್ಧ ಭಾಗವೇ ಬೇರೆಯಾಗುತ್ತದೆ. ವಾಸಕ್ಕೆ ಎಂದು ಉತ್ತರ ಬಂದ ಮೇಲೆ ಸಂಜೆಯ ಒಳಗೆ ಕರಡು ಕಳಿಸಿದೆ. ಅದರ ನಡುವಿನ ಭಾಗ ಸುಮಾರು ಹೀಗಿತ್ತು:

```
[[1: ಮಾಲಿಕರ ಹೆಸರು, ಆಧಾರ್‌ನಲ್ಲಿ ಇದ್ದ ಹಾಗೆ]] ಇವರು (ಮುಂದೆ "ಮಾಲಿಕರು")
[[2: ಬಾಡಿಗೆದಾರರ ಹೆಸರು, ಆಧಾರ್‌ನಲ್ಲಿ ಇದ್ದ ಹಾಗೆ]] ಇವರು (ಮುಂದೆ "ಬಾಡಿಗೆದಾರರು")
ತಿಂಗಳ ಬಾಡಿಗೆ ರೂ. [[3: ಮೆಂಟೆನೆನ್ಸ್ ಸೇರಿಸಿಯೋ, ಬಿಟ್ಟೋ?]]
ಅಡ್ವಾನ್ಸ್ ರೂ. [[4: ಕೊಟ್ಟಾಗಿದೆಯೇ? ಕ್ಯಾಶೋ, ಬ್ಯಾಂಕಿನ ಮೂಲಕವೋ?]]
ಮನೆ ಬಿಡುವ ಮುಂಚೆ [[5: ಎಷ್ಟು ದಿನ? 30 ಎಂದು ಇಡಬಹುದು]] ದಿನಗಳ ಲಿಖಿತ ನೋಟಿಸು
```

ಶುಕ್ರವಾರ ಅಲ್ಲಿ ರಜೆ. ಆ ದಿನ ಬೆಳಿಗ್ಗೆ ಅವರ ವಾಯ್ಸ್ ಮೆಸೇಜು ಬಂತು. "ಮೂರು ಹನ್ನೆರಡು ಸಾವಿರ, ಮೆಂಟೆನೆನ್ಸ್ ಅವರೇ ಕಟ್ಬೇಕು. ನಾಲ್ಕು ಐವತ್ತು ಸಾವಿರ, ಬ್ಯಾಂಕಿಗೆ ಹಾಕಿದ್ದಾರೆ. ಐದು ಗೊತ್ತಿಲ್ಲ, ತಮ್ಮನ ಹತ್ರ ಕೇಳಿ. ಮತ್ತೆ ಮಾರಾಯ್ರೆ, ಕೆಳಗೆ ಕಾರ್ ನಿಲ್ಲಿಸುವ ಜಾಗ ನಮ್ದೊಂದು ಉಂಟು, ಅದು ಇವರಿಗಿಲ್ಲ, ತಮ್ಮನ ಕಾರ್ ಅಲ್ಲಿ ನಿಲ್ಲಿಸುದು. ಅದನ್ನು ಬರೀಬೇಕಲ್ಲ?"

ಕಾರಿನ ಜಾಗದ ವಿಷಯ ಯಾವ ಪ್ರಶ್ನೆ ಪಟ್ಟಿಯಿಂದಲೂ ಬರುತ್ತಿರಲಿಲ್ಲ. ಪ್ರಶ್ನೆಗೆ ಉತ್ತರ ಕೊಡುವವರು ಕೇಳಿದ್ದಕ್ಕಷ್ಟೇ ಉತ್ತರ ಕೊಡುತ್ತಾರೆ. ಬರೆದ ಪತ್ರವನ್ನು ಓದುವವರು ಮನೆಯೊಳಗೆ ಒಂದು ಸುತ್ತು ಹೋಗಿ ಬರುತ್ತಾರೆ: "ಹಾಲ್, ಅಡಿಗೆ ಕೋಣೆ, ಎರಡು ಮಲಗುವ ಕೋಣೆ ಸಮೇತ" ಎಂದು ಓದಿದಾಗ "ಸಮೇತ"ದಲ್ಲಿ ಏನು ಸೇರುತ್ತದೆ, ಏನು ಸೇರುವುದಿಲ್ಲ ಎಂದು ಅವರಿಗೆ ತಾನಾಗಿ ಹೊಳೆಯುತ್ತದೆ. ಬರೆದಿಟ್ಟ ವಾಕ್ಯವನ್ನು ತಿದ್ದುವುದು ಎಲ್ಲರಿಗೂ ಬರುತ್ತದೆ. ಏನೂ ಇಲ್ಲದ ಕಡೆ ಹೊಸದಾಗಿ ಹೇಳುವುದು ಕೆಲವರಿಗಷ್ಟೇ.

ಗುರುತಿನ ವಿಷಯ

ಖಾಲಿ ಜಾಗಕ್ಕೆ ಅಡಿಗೆರೆ ಎಳೆಯುವುದು ನಮ್ಮಲ್ಲಿ ಹಳೇ ರೂಢಿ. ಟೈಪ್‌ರೈಟರ್ ಕಾಲದಲ್ಲಿ ಅದು ಸರಿ, ಗೆರೆಯ ಮೇಲೆ ಪೆನ್ನಿನಲ್ಲಿ ಬರೆಯಬಹುದಿತ್ತು. ಈಗ ಕರಡು ಹೋಗುವುದು ವಾಟ್ಸಾಪಿನಲ್ಲಿ, ಅಲ್ಲಿ ಪದದ ಎರಡೂ ಬದಿಗೆ `_` ಹಾಕಿದರೆ ಅಕ್ಷರ ಓರೆಯಾಗಿ ಗೆರೆ ಮಾಯವಾಗುತ್ತದೆ. ಪದದ ಎರಡೂ ಬದಿಗೆ `*` ಹಾಕಿದರೆ ದಪ್ಪವಾಗಿ ನಕ್ಷತ್ರ ಮಾಯ. ವರ್ಡ್‌ನಲ್ಲಿ ಹಳದಿ ಬಣ್ಣ ಹಚ್ಚುವವರಿದ್ದಾರೆ. ಅದನ್ನು ಅಲ್ಲಿಂದ ತೆಗೆದು ಮೆಸೇಜಿಗೆ ಅಂಟಿಸಿದಾಗ ಹಳದಿ ಹೋಗಿ ಬರೇ ಅಕ್ಷರ ಉಳಿಯುತ್ತದೆ, ಕಪ್ಪು ಬಿಳುಪು ಪ್ರಿಂಟಿನಲ್ಲಿ ಅದು ನಸು ಬೂದು. ಜೋಡಿ ಚೌಕ ಕಂಸಗಳು ಎಲ್ಲಿ ಅಂಟಿಸಿದರೂ ಹಾಗೇ ಇರುತ್ತವೆ, ನೋಡಲು ಚಂದವಿಲ್ಲ, ಕರಾರು ಪತ್ರದಲ್ಲಿ ಬೇರೆ ಯಾವ ಕಾರಣಕ್ಕೂ ಬರುವುದಿಲ್ಲ. ಚಂದವಿಲ್ಲದಿರುವುದೇ ಅದರ ಗುಣ. ಪ್ರಿಂಟ್ ಕೊಡುವ ಮುಂಚೆ ವರ್ಡ್‌ನಲ್ಲಿ `[[` ಎಂದು ಹುಡುಕಿದರೆ ಉಳಿದದ್ದು ಒಂದೊಂದಾಗಿ ಸಿಗುತ್ತದೆ. ಒಂದೂ ಸಿಗದಿದ್ದರೆ ಪತ್ರ ತುಂಬಿದೆ ಎಂದರ್ಥ. ಅಡಿಗೆರೆಯಲ್ಲಿ ಈ ಅನುಕೂಲ ಇಲ್ಲ, ಏಕೆಂದರೆ ಕೊನೆಯ ಪುಟದಲ್ಲಿ ಸಹಿಯ ಜಾಗಕ್ಕೂ ಸಾಕ್ಷಿಗಳ ಜಾಗಕ್ಕೂ ಅದೇ ಗೆರೆ.

ನಂಬ್ರದ ಉಪಯೋಗ ಮೇಲಿನ ವಾಯ್ಸ್ ಮೆಸೇಜಿನಲ್ಲೇ ಕಂಡಿತಲ್ಲ. ಉತ್ತರ ಕೊಡುವವರು ಕನ್ನಡ ಟೈಪ್ ಮಾಡಬೇಕಾಗಿಲ್ಲ, ಪತ್ರವನ್ನು ಮುಟ್ಟಬೇಕಾಗಿಲ್ಲ. "ಐದು ಗೊತ್ತಿಲ್ಲ" ಅನ್ನುವುದೂ ನನಗೆ ಒಳ್ಳೆಯ ಉತ್ತರವೇ, ಯಾರನ್ನು ಕೇಳಬೇಕೆಂದು ಅದರಿಂದ ಗೊತ್ತಾಗುತ್ತದೆ. ಒಂದೇ ಸಂಗತಿ ಎರಡು ಕಡೆ ಬಂದರೆ ಎರಡೂ ಕಡೆ ಒಂದೇ ನಂಬ್ರ. ಬಾಡಿಗೆ ಮೊತ್ತ ಅಂಕಿಯಲ್ಲೂ ಬರುತ್ತದೆ, ಅಕ್ಷರದಲ್ಲೂ ಬರುತ್ತದೆ, ಎರಡಕ್ಕೂ ಮೂರೇ. ಬೇರೆ ಬೇರೆ ನಂಬ್ರ ಕೊಟ್ಟರೆ ಒಂದಕ್ಕೆ ಹನ್ನೆರಡು ಎಂದೂ ಇನ್ನೊಂದಕ್ಕೆ ಮೆಂಟೆನೆನ್ಸ್ ಸೇರಿಸಿ ಹದಿಮೂರೂವರೆ ಎಂದೂ ಉತ್ತರ ಬರುವ ಸಂಭವ ಇದೆ.

ಇನ್ನು ಒಂದರಿಂದ ಲೆಕ್ಕ ಹಾಕಿ ತೆಗೆಯಬಹುದಾದದ್ದನ್ನು ನಾನು ಖಾಲಿ ಬಿಡುವುದೇ ಇಲ್ಲ. ಅವಧಿ ಹನ್ನೊಂದು ತಿಂಗಳು, ಶುರು ಜೂನ್ 1 ಎಂದಾದರೆ ಮುಗಿಯುವುದು ಏಪ್ರಿಲ್ 30ಕ್ಕೆ. ಮುಗಿಯುವ ದಿನವನ್ನೂ ಖಾಲಿ ಬಿಟ್ಟರೆ ಅದನ್ನು ಮೇ 1 ಎಂದು ತುಂಬುವವರಿದ್ದಾರೆ, ಮೇ 31 ಎಂದು ತುಂಬಿದವರನ್ನೂ ನೋಡಿದ್ದೇನೆ. ಮೇ 31 ಎಂದರೆ ಪೂರಾ ಒಂದು ವರ್ಷ. ಹನ್ನೊಂದು ತಿಂಗಳೆಂದು ಎಲ್ಲರೂ ಬರೆಸುವುದು 1908ರ ನೋಂದಣಿ ಕಾಯ್ದೆಯ 17ನೇ ಕಲಮಿನಿಂದಾಗಿ: ವರ್ಷದಿಂದ ವರ್ಷಕ್ಕೆ ನಡೆಯುವ ಅಥವಾ ಒಂದು ವರ್ಷ ಮೀರಿದ ಗೇಣಿ ಬಾಡಿಗೆ ಪತ್ರಗಳನ್ನು ಸಬ್ ರಿಜಿಸ್ಟ್ರಾರ್ ಕಚೇರಿಯಲ್ಲಿ ನೋಂದಾಯಿಸಲೇಬೇಕು. ದಿನಾಂಕದಲ್ಲಿ ಒಂದೆರಡು ದಿನ ಹೆಚ್ಚು ಕಡಿಮೆಯಾಗಿ ಆ ಗೆರೆ ದಾಟಿದರೆ ಹನ್ನೊಂದು ತಿಂಗಳ ಲೆಕ್ಕಾಚಾರ ಯಾರಿಗೂ ಉಪಯೋಗಕ್ಕಿಲ್ಲ.

ಕನ್ನಡದಲ್ಲಿ ಬರೆಯುವವರಿಗೆ ಒಂದು ಹೆಚ್ಚಿನ ತಾಪತ್ರಯ ಇದೆ. ಖಾಲಿ ಜಾಗಕ್ಕೆ ವಿಭಕ್ತಿ ಅಂಟಿಸಲು ಬರುವುದಿಲ್ಲ. ಬರುವ ಹೆಸರು ಗಂಡಸಿನದೋ ಹೆಂಗಸಿನದೋ, "ಅ"ದಲ್ಲಿ ಮುಗಿಯುತ್ತದೋ "ಇ"ಯಲ್ಲೋ, ಇಂಗ್ಲಿಷ್ ಸರ್‌ನೇಮಿನಲ್ಲೋ ಗೊತ್ತಿಲ್ಲದೆ "ಗೆ", "ಇಂದ" ಹಚ್ಚಿದರೆ ತುಂಬಿದ ಮೇಲೆ ವಾಕ್ಯ ಕುಂಟುತ್ತದೆ. ಹಳೇ ಬರಹಗಾರರು ಹೆಸರಿನ ಹಿಂದೆ "ಇವರು", "ಇವರಿಗೆ" ಹಾಕುತ್ತಿದ್ದುದು ಮರ್ಯಾದೆಗೆ ಮಾತ್ರ ಇರಲಿಕ್ಕಿಲ್ಲ ಎಂದು ನನಗೆ ಈ ಕೆಲಸ ಮಾಡುತ್ತ ಅನ್ನಿಸಿದೆ. ಕಂಸದ ಹೊರಗೆ "ಇವರು" ನಿಂತರೆ ಒಳಗೆ ಏನು ಬಂದರೂ ನಡೆಯುತ್ತದೆ. ಮೊದಲ ಪ್ಯಾರಾದಲ್ಲೇ "ಮುಂದೆ ಮಾಲಿಕರು" ಎಂದುಬಿಟ್ಟರೆ ಆ ನಂಬ್ರ ಪತ್ರದಲ್ಲಿ ಪುನಃ ಬರುವುದು ಸಹಿಯ ಹತ್ತಿರ ಮಾತ್ರ.

ಸಲಹೆ ಕಂಸದ ಒಳಗೇ ಇರಲಿ

ಐದನೇ ನಂಬ್ರದಲ್ಲಿ "30 ಎಂದು ಇಡಬಹುದು" ಎಂದು ಬರೆದದ್ದನ್ನು ಗಮನಿಸಿ. ಮೂವತ್ತು ಎಂದು ಸೀದಾ ಪತ್ರದಲ್ಲೇ ಬರೆದುಬಿಡಬಹುದಿತ್ತು, ನೂರಕ್ಕೆ ತೊಂಬತ್ತು ಜನ ಹೂಂ ಅನ್ನುತ್ತಿದ್ದರು. ಆದರೆ ಆ ಹೂಂಗೆ ಓದಿ ಒಪ್ಪಿದರು ಎಂಬ ಅರ್ಥ ಇಲ್ಲ. ಕರಡಿನಲ್ಲಿ ಸಾದಾ ಅಕ್ಷರದಲ್ಲಿರುವುದೆಲ್ಲ ಯಾರೋ ತೀರ್ಮಾನಿಸಿದ್ದು ಎಂದೇ ಓದುವವರು ತಿಳಿಯುತ್ತಾರೆ. ಮಾಲಿಕರು ಇದು ಬಾಡಿಗೆದಾರರ ಬೇಡಿಕೆ ಎಂದುಕೊಳ್ಳುತ್ತಾರೆ, ಬಾಡಿಗೆದಾರರು ಮಾಲಿಕರದ್ದೆಂದು. ನಿಜವಾಗಿ ಅದು ಟೈಪ್ ಮಾಡಿದವರ ಅಭ್ಯಾಸ. ಹಾಗಾಗಿ ನನ್ನ ಊಹೆ ಏನಿದ್ದರೂ ಅದರ ಜಾಗ ಕಂಸದ ಒಳಗೆ, ಯಾರಾದರೂ ಬಾಯಿ ಬಿಟ್ಟು ಒಪ್ಪುವ ತನಕ.

ಐದನ್ನು ಕೊನೆ ತನಕ ಯಾರೂ ತುಂಬದಿದ್ದರೆ? ಅದನ್ನೂ ಹೇಳಿಬಿಡುತ್ತೇನೆ. ಹನ್ನೊಂದು ತಿಂಗಳು ಮುಗಿದು, ಹೊಸ ಪತ್ರ ಮಾಡದೆ, ಬಾಡಿಗೆದಾರರು ಅಲ್ಲೇ ಇದ್ದು ಮಾಲಿಕರು ಬಾಡಿಗೆ ತಕ್ಕೊಳ್ಳುತ್ತ ಹೋದರೆ (ನಮ್ಮಲ್ಲಿ ಬಹಳ ಮನೆಗಳಲ್ಲಿ ನಡೆಯುವುದು ಇದೇ), ಬೇರೆ ಮಾತಾಗದಿದ್ದಲ್ಲಿ ಅದು ತಿಂಗಳಿಂದ ತಿಂಗಳಿಗೆ ನಡೆಯುವ ಬಾಡಿಗೆಯಾಗುತ್ತದೆ. 1882ರ ಸ್ವತ್ತು ವರ್ಗಾವಣೆ ಕಾಯ್ದೆಯ 106ನೇ ಕಲಮಿನ ಪ್ರಕಾರ ಅದಕ್ಕೆ ನೋಟಿಸು ಹದಿನೈದು ದಿನ. ನೀವು ಖಾಲಿ ಬಿಟ್ಟದ್ದನ್ನು ಕಾನೂನು ತನ್ನ ಅಂಕಿಯಿಂದ ತುಂಬುತ್ತದೆ. ಶಾಲೆಗೆ ಹೋಗುವ ಮಕ್ಕಳಿರುವ ಸಂಸಾರಕ್ಕೆ ಹದಿನೈದು ದಿನದಲ್ಲಿ ಮನೆ ಹುಡುಕು ಎನ್ನುವುದು ಏನೆಂದು ಮಸ್ಕತ್ತಿನವರ ತಮ್ಮನಿಗೆ ಹೇಳಿದಾಗ ಅವರೇ, "ಎರಡು ತಿಂಗಳು ಹಾಕಿ, ನಮಗೂ ಬೇರೆ ಜನ ಸಿಗ್ಬೇಕಲ್ಲ" ಎಂದರು. ಆಗ 30 ಹೋಗಿ 60 ಆಯಿತು.

ಯಾವುದು ಎಂದಿಗೆ ಬೇಕು

ಎಲ್ಲ ಖಾಲಿ ಜಾಗಗಳಿಗೂ ಒಂದೇ ಅವಸರ ಇರುವುದಿಲ್ಲ. ಕರ್ನಾಟಕದಲ್ಲಿ ಇ-ಸ್ಟಾಂಪ್ ಪೇಪರ್ ತೆಗೆಯುವಾಗ ಒಂದನೇ ಪಾರ್ಟಿ, ಎರಡನೇ ಪಾರ್ಟಿಯ ಹೆಸರು, ಯಾವ ಬಗೆಯ ದಸ್ತಾವೇಜು, ಶುಲ್ಕ ಎಷ್ಟು, ಕಟ್ಟಿದವರು ಯಾರು, ಇವೆಲ್ಲ ಆ ಹಾಳೆಯಲ್ಲೇ ಅಚ್ಚಾಗುತ್ತವೆ. ಶುಲ್ಕ ಲೆಕ್ಕ ಹಾಕಲು ಬಾಡಿಗೆ, ಅಡ್ವಾನ್ಸ್ ಎರಡೂ ಗೊತ್ತಿರಬೇಕು. ಅಂದರೆ ಒಂದರಿಂದ ನಾಲ್ಕರ ತನಕ ತುಂಬದೆ ಸ್ಟಾಂಪ್ ಪೇಪರಿನ ಕೌಂಟರಿಗೆ ಹೋಗಿ ಪ್ರಯೋಜನವಿಲ್ಲ. ಹೆಸರು ಆಧಾರ್‌ನಲ್ಲಿದ್ದ ಹಾಗೆಯೇ ಬೇಕೆಂದು ಕಂಸದಲ್ಲಿ ಬರೆಯುವುದೂ ಇದಕ್ಕೇ. ನಮ್ಮ ಕಡೆ ಒಬ್ಬರಿಗೇ ಮನೆಯಲ್ಲಿ ಕರೆಯುವ ಹೆಸರು, ಇನಿಶಿಯಲ್ ಇರುವ ಹೆಸರು, ಪಾಸ್‌ಪೋರ್ಟಿನ ಉದ್ದ ಹೆಸರು ಎಂದು ಎರಡು ಮೂರು ಇರುತ್ತವೆ. ಸ್ಟಾಂಪ್ ಪೇಪರಿನಲ್ಲಿ ಒಂದು, ಕೆಳಗೆ ಸಹಿಯ ಹತ್ತಿರ ಇನ್ನೊಂದು ಬಂದರೆ ಮುಂದೆ ಬ್ಯಾಂಕಿಗೋ ಗ್ಯಾಸ್ ಕನೆಕ್ಷನ್ನಿಗೋ ಈ ಪತ್ರವನ್ನು ವಿಳಾಸದ ದಾಖಲೆಯಾಗಿ ಕೊಡುವಾಗ ತಕರಾರು.

ಅದಕ್ಕೆ ಕರಡು ಕಳಿಸುವಾಗ ಮೇಲೆ ಎರಡು ಸಾಲು ಬರೆಯುತ್ತೇನೆ: "1ರಿಂದ 4 ಸ್ಟಾಂಪ್ ಪೇಪರಿಗೆ ಮುಂಚೆ ಬೇಕು. 5ರಿಂದ 8 ಸಹಿಯ ದಿನದೊಳಗೆ ಸಾಕು." ಇಷ್ಟು ಹೇಳಿದರೆ ಜನ ಗಾಬರಿಯಾಗುವುದಿಲ್ಲ. ಗೋಡೆಗೆ ಬಣ್ಣ ಯಾರು ಹೊಡೆಸಬೇಕೆಂಬ ಚರ್ಚೆ ಮುಗಿಯದ ಕಾರಣಕ್ಕೆ ಸ್ಟಾಂಪ್ ಪೇಪರ್ ತೆಗೆಯುವುದು ನಿಲ್ಲುವುದಿಲ್ಲ. (ಬಣ್ಣದ ಚರ್ಚೆ ಮಂಗಳೂರಿನಲ್ಲಿ ಸಣ್ಣದಲ್ಲ. ಎರಡು ಮಳೆಗಾಲ ಕಳೆದ ಗೋಡೆಯಲ್ಲಿ ಬಾಡಿಗೆದಾರರು ಮಾಡಿದ ಹಾಳು ಎಷ್ಟು, ಮಳೆ ಮಾಡಿದ್ದು ಎಷ್ಟು ಎಂದು ಬೇರ್ಪಡಿಸುವವರು ಇನ್ನೂ ಹುಟ್ಟಿಲ್ಲ.)

ಆ ತಮ್ಮ ಸಹಿ ಹಾಕುವ ವಿಷಯ ಮಾತ್ರ ಬೇರೆ ಜಾತಿಯದ್ದು. ಅಣ್ಣ ಪವರ್ ಆಫ್ ಅಟಾರ್ನಿ ಕೊಟ್ಟಿದ್ದಾರೆಯೇ ಎಂಬುದಕ್ಕೆ ಹೌದು ಎಂದರೆ ಮೊದಲ ಪ್ಯಾರಾ ಒಂದು ರೀತಿ, ಇಲ್ಲ ಎಂದರೆ ಇನ್ನೊಂದು ರೀತಿ. ಒಂದು ಕಂಸದಲ್ಲಿ ಇದು ಹಿಡಿಯುವುದಿಲ್ಲ. ಇಂಥ ಕಡೆ ನಾನು ಎರಡೂ ಪ್ಯಾರಾ ಬರೆದು `[[6-ಅ]]`, `[[6-ಆ]]` ಎಂದು ಹೆಸರಿಟ್ಟು, ಒಂದನ್ನು ಇಟ್ಟು ಇನ್ನೊಂದನ್ನು ತೆಗೆಯಲು ಹೇಳುತ್ತೇನೆ. ಅ ಎಂದರೆ "ಇವರ ಪರವಾಗಿ ಅಧಿಕಾರ ಪತ್ರ ಹೊಂದಿದ ತಮ್ಮ", ಆ ಎಂದರೆ ಅಣ್ಣನೇ ರಜೆಗೆ ಬಂದಾಗ ಸಹಿ. ಓದಿದ ಮೇಲೆ ಅವರಿಗೆ ಗೊತ್ತಾಯಿತು, ಕೊಟ್ಟ ಅಧಿಕಾರ ಪತ್ರ ಬ್ಯಾಂಕಿನ ಕೆಲಸಕ್ಕೆ ಮಾತ್ರ ಇದ್ದದ್ದು, ಮನೆ ಬಾಡಿಗೆಗೆ ಕೊಡುವ ಮಾತು ಅದರಲ್ಲಿ ಇರಲಿಲ್ಲ. ಮಸ್ಕತ್ತಿನ ಭಾರತೀಯ ರಾಯಭಾರ ಕಚೇರಿಯಲ್ಲಿ ಹೊಸದನ್ನು ದೃಢೀಕರಿಸಿ ಕಳಿಸಿದರು. ರಾಜ್ಯದ ಹೊರಗೆ ಬರೆದ ಅಂಥ ಪತ್ರ ಇಲ್ಲಿಗೆ ತಲುಪಿದ ಮೂರು ತಿಂಗಳೊಳಗೆ ಇಲ್ಲಿನ ಮುದ್ರಾಂಕ ಶುಲ್ಕ ಕಟ್ಟಬೇಕು, ಅದನ್ನೂ ತಮ್ಮನೇ ಮಾಡಿಸಿದರು. ಬೇರೆ ನಂಬ್ರಗಳೆಲ್ಲ ತುಂಬಿ ಆಗಿತ್ತು, ಆರಕ್ಕೆ ಮಾತ್ರ ಕಾದದ್ದು.

ತುಂಬಿದ ಹಳೇ ಫೈಲು

ಖಾಲಿ ಬಿಡುವ ಕರಡಿಗೆ ಎದುರಾಳಿ ಎಂದರೆ ಪ್ರಶ್ನೆ ಪಟ್ಟಿಗಿಂತ ಹೆಚ್ಚಾಗಿ ಹಳೇ ಫೈಲು. ಕಳೆದ ತಿಂಗಳು ಬೇರೆ ಯಾರಿಗೋ ಮಾಡಿದ್ದನ್ನು ತೆರೆದು, ಹೆಸರು ಮೊತ್ತ ಬದಲಾಯಿಸಿ, ಸೇವ್ ಆಸ್. ಬೇಗ ಆಗುತ್ತದೆ ನಿಜ. ಆದರೆ ಅದರಲ್ಲಿ ಎಲ್ಲ ಜಾಗವೂ ತುಂಬಿಯೇ ಇರುತ್ತದೆ, ಬದಲಾಯಿಸಲು ಬಿಟ್ಟದ್ದು ಯಾವುದು ಎಂದು ಕಣ್ಣು ಹೇಳುವುದಿಲ್ಲ. ಒಬ್ಬರು ಬ್ರೋಕರು ಬೇರೆಡೆ ಮಾಡಿಸಿದ ಕರಾರನ್ನು ನವೀಕರಿಸಲೆಂದು ನನ್ನ ಹತ್ತಿರ ತಂದಿದ್ದರು. ಮನೆಯ ಪತ್ರ, ಆದರೆ ಏಳನೇ ಕಲಮಿನಲ್ಲಿ "ಸದರಿ ಅಂಗಡಿ ಕೋಣೆಯ ಶಟರ್" ಇತ್ತು. ಬಾಡಿಗೆ ಅಂಕಿಯಲ್ಲಿ 9,500, ಅಕ್ಷರದಲ್ಲಿ ಹದಿನಾಲ್ಕು ಸಾವಿರ. ಹನ್ನೊಂದು ತಿಂಗಳು ಎರಡೂ ಕಡೆಯವರು ಅದನ್ನು ಬೀರುವಿನಲ್ಲಿಟ್ಟುಕೊಂಡಿದ್ದರು, ಯಾರಿಗೂ ಕಂಡಿರಲಿಲ್ಲ. ಜಗಳವಾಗಿದ್ದರೆ ಮಾತ್ರ ಕಾಣುತ್ತಿತ್ತು, ಆಗ ಹದಿನಾಲ್ಕು ಸಾವಿರ ಎಂದು ಹಿಡಿದುಕೊಳ್ಳಲು ಒಬ್ಬರಿಗೆ ಕಾರಣ ಸಿಗುತ್ತಿತ್ತು.

ಹಳೇ ಫೈಲಿನಿಂದಲೇ ಕೆಲಸ ಮಾಡುವುದಾದರೆ ಮೊದಲು ಅದನ್ನು ಖಾಲಿ ಮಾಡಬೇಕು. ಹೆಸರು, ಮೊತ್ತ, ದಿನಾಂಕ, ಡೋರ್ ನಂಬರ್, ಸರ್ವೆ ನಂಬರ್, ಮೆಸ್ಕಾಂನ ಆರ್‌ಆರ್ ನಂಬರ್ ಎಲ್ಲ ಕಿತ್ತು ಕಂಸ ಹಾಕಿ, ಆ ಖಾಲಿ ಪ್ರತಿಯನ್ನೇ ಬೇರೆ ಹೆಸರಿನಲ್ಲಿ ಇಟ್ಟುಕೊಂಡು, ಪ್ರತಿ ಸಲ ಅದರಿಂದ ಶುರು ಮಾಡಬೇಕು. ವಾಸದ ಮನೆಗೆ ಒಂದು, ಅಂಗಡಿಗೆ ಒಂದು. ಅಂಗಡಿಯದ್ದರಿಂದ ಮನೆಯದ್ದನ್ನು ಮಾಡಲು ಹೊರಟರೆ ಮತ್ತೆ ಶಟರ್ ಬರುತ್ತದೆ.

ಈ ರೀತಿಗೆ ಮಿತಿಯೂ ಇದೆ. ಖಾಲಿ ಜಾಗ ಹತ್ತು ಹನ್ನೆರಡು ದಾಟಿದರೆ ಕರಡು ಓದಲು ಆಗುವುದಿಲ್ಲ, ಅದು ಕಂಸ ಹಾಕಿದ ಪ್ರಶ್ನೆ ಪಟ್ಟಿಯೇ. ಆಗ ಫೋನ್ ಮಾಡಿ ನಾಲ್ಕು ಮಾತಾಡಿಕೊಳ್ಳುವುದು ಮೇಲು. ಇಬ್ಬರೊಳಗೆ ನಿಜವಾಗಿ ಒಪ್ಪಂದವೇ ಆಗದ ವಿಷಯಕ್ಕೂ ಕಂಸ ಹಾಕಿ ಪ್ರಯೋಜನ ಇಲ್ಲ. ಅಡ್ವಾನ್ಸ್ ಐವತ್ತೋ ಒಂದು ಲಕ್ಷವೋ ಎಂಬ ಎಳೆದಾಟ ನಡೆಯುತ್ತಿದ್ದರೆ ಕರಡು ಅದನ್ನು ಬಿಡಿಸುವುದಿಲ್ಲ, ಇಬ್ಬರೂ ತಮ್ಮ ತಮ್ಮ ಅಂಕಿ ತುಂಬಿ ಎರಡು ಕರಡು ತರುತ್ತಾರೆ.

ಸಹಿಯ ಮೇಜಿನ ಹತ್ತಿರ ಕಂಸ ಒಂದೂ ಉಳಿದಿರಬಾರದು, ಇದರಲ್ಲಿ ನಾನು ಯಾರ ಮಾತಿಗೂ ಜಗ್ಗುವುದಿಲ್ಲ. "ಅದೊಂದು ಆಮೇಲೆ ಪೆನ್ನಿನಲ್ಲಿ ತುಂಬುವಾ" ಎಂದು ಹೇಳುವವರು ಪ್ರತಿ ಸೀಸನ್ನಿನಲ್ಲೂ ಇರುತ್ತಾರೆ. ಸಹಿ ಹಾಕಿದ ಮೇಲೆ ಒಬ್ಬರೇ ತುಂಬಿದ ಅಂಕಿಯನ್ನು ಇನ್ನೊಬ್ಬರು ತಾನು ಒಪ್ಪಿದ್ದಲ್ಲ ಎಂದರೆ ಏನು ಉತ್ತರ? ಆ ದಿನ ಗೊತ್ತಾಗಲು ಸಾಧ್ಯವೇ ಇಲ್ಲದ್ದು ಒಂದೋ ಎರಡೋ ಇರುತ್ತವೆ, ಕರೆಂಟ್ ಮೀಟರಿನ ರೀಡಿಂಗ್ ಹಾಗೆ. ಅದು ಗೊತ್ತಾಗುವುದು ಕೀ ಕೊಡುವ ದಿನ. ಅಂಥದ್ದನ್ನು ಪತ್ರದ ಒಳಗೆ ಬಿಡದೆ ಬೇರೆ ಒಂದು ಹಾಳೆಗೆ ಹಾಕುತ್ತೇನೆ: ಮೀಟರ್ ರೀಡಿಂಗ್, ಕೊಟ್ಟ ಕೀಗಳು ಎಷ್ಟು, ಫ್ಯಾನು ಗೀಸರು ಎಷ್ಟು, ಕೆಳಗೆ ತಾರೀಕು. ಮೂಲ ಪತ್ರದಲ್ಲಿ "ಕೀ ಹಸ್ತಾಂತರಿಸುವ ದಿನ ಉಭಯತ್ರರು ಸಹಿ ಮಾಡುವ ಅನುಬಂಧದಂತೆ" ಎಂದು ಒಂದು ಸಾಲು ಇರುತ್ತದೆ. ಕೀ ಕೊಡುವಾಗ ಇಬ್ಬರೂ ನಿಂತು ಮೀಟರ್ ನೋಡಿ ಬರೆದು, ಇಬ್ಬರೂ ಸಹಿ ಹಾಕಿ, ಒಂದೊಂದು ಪ್ರತಿ ಇಟ್ಟುಕೊಳ್ಳುತ್ತಾರೆ. ಕದ್ರಿಯ ಆ ಫ್ಲ್ಯಾಟಿನ ಅನುಬಂಧದಲ್ಲಿ ತಮ್ಮನವರು ತಾವಾಗಿ ಇನ್ನೊಂದು ಸಾಲು ಸೇರಿಸಿದ್ದರು, ಬಾಲ್ಕನಿಯ ಬಟ್ಟೆ ಒಣಗಿಸುವ ಸ್ಟ್ಯಾಂಡು ನಮ್ಮದು, ಬಿಡುವಾಗ ಬಿಟ್ಟು ಹೋಗಬೇಕು ಎಂದು.